118 ಪುಟದ ವರದಿ, ಓದುವುದು ಮೊದಲ ಪುಟ ಮಾತ್ರ: ಎಕ್ಸಿಕ್ಯೂಟಿವ್ ಸಮರಿ ಹೇಗೆ ಬರೆಯುವುದು?

ಸ್ಟಾಕ್‌ಬುಕ್

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಗೆ 12 ಗೋದಾಮುಗಳಿವೆ. ಇಷ್ಟು ದಿನ ಸ್ಟಾಕ್ ಎಣಿಕೆ ಕಾಗದದ ಹಾಳೆಯಲ್ಲೇ ನಡೆಯುತ್ತಿತ್ತು. ಮೂರು ಗೋದಾಮುಗಳಲ್ಲಿ ಆರು ತಿಂಗಳು ಬಾರ್‌ಕೋಡ್ ಸ್ಕ್ಯಾನರ್ ಇಟ್ಟು ಪ್ರಯೋಗ ಮಾಡಿದೆವು. ವರದಿ 118 ಪುಟ ಆಗಿದೆ. ಇದು ಐದು ಜನರ ಸಮಿತಿಗೆ ಹೋಗಬೇಕು. ಅವರು ಮೊದಲ ಪುಟ ದಾಟಿ ಓದುವುದಿಲ್ಲ ಎಂದು ಅವರ ಆಫೀಸಿನವರೇ ನೇರವಾಗಿ ಹೇಳಿದ್ದಾರೆ.

ಸಮರಿಯ ಕರಡು ಹೀಗಿದೆ:

> ಸ್ಟಾಕ್ ನಿರ್ವಹಣೆ ಯಾವುದೇ ಸಂಸ್ಥೆಯ ಬೆನ್ನೆಲುಬು. ಈ ಹಿನ್ನೆಲೆಯಲ್ಲಿ ಬಾರ್‌ಕೋಡ್ ಆಧಾರಿತ ಎಣಿಕೆಯ ಸಾಧ್ಯತೆಗಳನ್ನು ಅಧ್ಯಯನ ಮಾಡಲು ಸಂಸ್ಥೆ ನಿರ್ಧರಿಸಿತು. ಅಧ್ಯಾಯ 1ರಲ್ಲಿ ಹಿನ್ನೆಲೆ, ಅಧ್ಯಾಯ 2ರಲ್ಲಿ ವಿಧಾನ, ಅಧ್ಯಾಯ 3ರಿಂದ 6ರವರೆಗೆ ಫಲಿತಾಂಶಗಳನ್ನು ವಿವರಿಸಲಾಗಿದೆ. ಪ್ರಯೋಗದಿಂದ ಸ್ಟಾಕ್ ವ್ಯತ್ಯಾಸ ಸರಾಸರಿ ಶೇ 45ರಷ್ಟು ಇಳಿದಿದ್ದು, ಫಲಿತಾಂಶ ಒಟ್ಟಾರೆ ಉತ್ತೇಜನಕಾರಿಯಾಗಿದೆ. ಮುಂದಿನ ಕ್ರಮಗಳ ಬಗ್ಗೆ ಅಧ್ಯಾಯ 8ರಲ್ಲಿ ಶಿಫಾರಸು ಮಾಡಲಾಗಿದೆ.

ಇದರ ನಂತರ ಇನ್ನೂ ಎರಡು ಪುಟ ಇದೆ. ಎಲ್ಲವೂ ನಿಜ, ಆದರೂ ಇದನ್ನು ಓದಿ ಯಾರೂ ಏನೂ ಮಾಡುವುದಿಲ್ಲ ಅನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ?

ನೇರಮಾತು

ಮೊದಲು ಉದ್ದ ಸರಿಮಾಡಿ. ವರದಿಯ ಶೇ 5ರಿಂದ 10ರಷ್ಟು ಸಮರಿ ಇರಬೇಕು ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ಪ್ರತಿ ಅಧ್ಯಾಯದಿಂದ ಒಂದೊಂದು ಪ್ಯಾರಾ ತೆಗೆದುಕೊಂಡು ಜೋಡಿಸಿ. ಏನೂ ಬಿಟ್ಟುಹೋಗುವುದಿಲ್ಲ.

ಕರಡು_ತಿದ್ದುವವಳು

ನೇರಮಾತು ಅವರೇ, 118 ಪುಟಕ್ಕೆ ಶೇ 10 ಅಂದರೆ ಸುಮಾರು 12 ಪುಟ. ಅವರ ಓದುಗರು ಒಂದೇ ಪುಟ ಓದುತ್ತಾರೆ. ಉಳಿದ 11 ಪುಟ ಯಾರಿಗೆ? ವರದಿಯನ್ನು ಹೇಗಾದರೂ ಓದೇ ಓದುತ್ತಾರೆ ಅನ್ನುವವರಿಗೆ ನಿಮ್ಮ ಲೆಕ್ಕ ಸರಿ. ಇಲ್ಲಿ ಪರಿಸ್ಥಿತಿ ಬೇರೆ.

ಅಧ್ಯಾಯಕ್ಕೊಂದು ಪ್ಯಾರಾ ಅನ್ನುವುದರಲ್ಲಿ ಇನ್ನೂ ದೊಡ್ಡ ತೊಂದರೆ ಇದೆ. ವರದಿ ಬರೆಯುವುದು ಕೆಲಸ ನಡೆದ ಕ್ರಮದಲ್ಲಿ. ಮೊದಲು ಹಿನ್ನೆಲೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ, ಕಡೆಗೆ ಶಿಫಾರಸು. ಅದನ್ನೇ ಕುಗ್ಗಿಸಿದರೆ ಓದುವವರಿಗೆ ಬೇಕಾದದ್ದು ಕೊನೆಯ ಸಾಲಿಗೆ ಹೋಗಿ ಕೂರುತ್ತದೆ. ಸ್ಟಾಕ್‌ಬುಕ್ ಅವರ ಕರಡಿನಲ್ಲಿ ಆಗಿರುವುದು ಅದೇ. ಕೊನೆಯ ಸಾಲಿನಲ್ಲೂ ಶಿಫಾರಸು ಇಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇದೆ.

ಸ್ಟಾಕ್‌ಬುಕ್ ಅವರೇ, ಎರಡು ಪ್ರಶ್ನೆ. ಸಮಿತಿ ಈ ವರದಿ ನೋಡಿ ಯಾವ ತೀರ್ಮಾನ ತೆಗೆದುಕೊಳ್ಳಬೇಕು? ಈಗಲೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ವರದಿ ತೆರೆಯದೆ, ಬಾಯಲ್ಲಿ ಹೇಳುವ ಹಾಗೆ ಬರೆಯಿರಿ.

ಪಿಎಚ್‌ಡಿ_ದಾರಿ

ಇದು ಸುಲಭ ಅಲ್ವಾ? ಸಮಸ್ಯೆ, ವಿಧಾನ, ಫಲಿತಾಂಶ, ತೀರ್ಮಾನ, ಒಂದೊಂದಕ್ಕೆ ಎರಡೆರಡು ಸಾಲು. 250 ಪದ ದಾಟಬಾರದು. ಕೊನೆಗೆ ಕೀವರ್ಡ್ ಹಾಕಿ. ನನ್ನ ಗೈಡ್ ಇದನ್ನೇ ಹೇಳಿಕೊಟ್ಟರು, ಎಲ್ಲ ಜರ್ನಲ್‌ಗಳಲ್ಲೂ ನಡೆಯುತ್ತದೆ.

ಕರಡು_ತಿದ್ದುವವಳು

ಪಿಎಚ್‌ಡಿ_ದಾರಿ ಅವರೇ, ನೀವು ಹೇಳುತ್ತಿರುವುದು ಅಬ್‌ಸ್ಟ್ರ್ಯಾಕ್ಟ್. ಈ ಲೇಖನ ನನ್ನ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ನೋಡಿ ಮುಂದೆ ಓದಬೇಕೇ ಬೇಡವೇ ಎಂದು ನಿರ್ಧರಿಸುವವರಿಗೆ ಅದು. ಅಲ್ಲಿ ವಿಧಾನ ಮುಖ್ಯ, ಏಕೆಂದರೆ ಓದುವವರೂ ಸಂಶೋಧಕರೇ. ಇಲ್ಲಿ ಓದುವವರು ಮುಂದೆ ಓದುವುದೇ ಇಲ್ಲ. ಆ ಒಂದು ಪುಟ ನೋಡಿಯೇ ಸಹಿ ಹಾಕುತ್ತಾರೆ.

ಪಿಎಚ್‌ಡಿ_ದಾರಿ

ಓಹ್ ಸರಿ. ಆದರೂ ವಿಧಾನ ಹೇಳದಿದ್ದರೆ ನಂಬುವುದು ಹೇಗೆ ಅಂತ ನನ್ನ ಪ್ರಶ್ನೆ.

ಲೆಕ್ಕದ_ಮನೆ

ನಾನು ಮೇಜಿನ ಆ ಕಡೆ ಕೂರುವವನು, ಅದಕ್ಕೆ ಹೇಳುತ್ತೇನೆ. ಸಭೆಗೆ ಮುಂಚೆ ಇಂಥ ವರದಿಗಳು ರಾಶಿ ಬೀಳುತ್ತವೆ. ನಾನು ಹುಡುಕುವುದು ಇಷ್ಟೇ: ಏನು ಕೇಳುತ್ತಿದ್ದಾರೆ, ಎಷ್ಟು ಹಣ, ಯಾವಾಗಿನೊಳಗೆ, ಬೇಡ ಅಂದರೆ ಏನಾಗುತ್ತದೆ. ಇವು ಸಿಕ್ಕ ಮೇಲೆ ಯಾಕೆ ನಂಬಬೇಕು ಎಂದು ನೋಡುತ್ತೇನೆ. ವಿಧಾನದ ಬಗ್ಗೆ ಒಂದು ಸಾಲು ಸಾಕು. ಎಷ್ಟು ಕಡೆ, ಎಷ್ಟು ದಿನ, ಹಿಂದಿನದಕ್ಕೆ ಹೋಲಿಸಿದ್ದಾರಾ, ಅಷ್ಟು.

"ಬೆನ್ನೆಲುಬು" ಸಾಲನ್ನು ಮಾತ್ರ ದಯವಿಟ್ಟು ತೆಗೆಯಿರಿ. ಸ್ಟಾಕ್ ಮುಖ್ಯ ಅಂತ ಗೊತ್ತಿದ್ದೇ ಸಮಿತಿ ಪ್ರಯೋಗಕ್ಕೆ ಹಣ ಕೊಟ್ಟಿದ್ದು.

ಸ್ಟಾಕ್‌ಬುಕ್

ಮೇಡಂ, ಬಾಯಲ್ಲಿ ಹೇಳುವುದಾದರೆ ಹೀಗೆ:

ಉಳಿದ 9 ಗೋದಾಮುಗಳಲ್ಲಿ 7 ಸಾಮಾನ್ಯ ಗೋದಾಮು, 2 ಕೋಲ್ಡ್ ಸ್ಟೋರೇಜ್. ಆ 7ಕ್ಕೆ ಸ್ಕ್ಯಾನರ್ ಕೊಡಿ. ಕೋಲ್ಡ್ ಸ್ಟೋರೇಜ್‌ಗೆ ಸದ್ಯ ಬೇಡ, ಏಕೆಂದರೆ ಪ್ರಯೋಗ ಮಾಡಿದ ಮೂರರಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಆಗಿತ್ತು, ಅಲ್ಲಿ ಕೆಲಸ ಆಗಲಿಲ್ಲ. ಸ್ಕ್ಯಾನರ್ ಕೊಟೇಶನ್ ಈ ತಿಂಗಳ ಕೊನೆವರೆಗೆ ಮಾತ್ರ. ಆಮೇಲೆ ಹೊಸ ದರ ಕೇಳಬೇಕು, ಎಲ್ಲ ಮತ್ತೆ ಮೊದಲಿನಿಂದ.

ಕರಡು_ತಿದ್ದುವವಳು

ನಿಮ್ಮ ಸಮರಿ ಶುರುವಾಗಬೇಕಾದದ್ದು ಇಲ್ಲಿಂದಲೇ. ನೀವು ಈಗ ಬರೆದದ್ದರಲ್ಲಿ ಮೂರು ವಿಷಯ ಕರಡಿನಲ್ಲಿ ಇರಲೇ ಇಲ್ಲ: 7 ಮತ್ತು 2 ಅನ್ನುವ ವಿಂಗಡಣೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಆಗದೇ ಇದ್ದದ್ದು, ತಿಂಗಳ ಕೊನೆಯ ಗಡುವು. ತೀರ್ಮಾನ ನಿಂತಿರುವುದು ಇವುಗಳ ಮೇಲೆಯೇ.

ಇನ್ನು ಆ ಶೇ 45. ಅದು ಯಾವುದರಿಂದ ಬಂತು? ಮೂರು ಗೋದಾಮಿನ ಅಂಕಿ ಬೇರೆ ಬೇರೆ ಕೊಡಿ.

ಸ್ಟಾಕ್‌ಬುಕ್

ಪುಸ್ತಕದ ಲೆಕ್ಕಕ್ಕೂ ನಿಜವಾದ ಸ್ಟಾಕ್‌ಗೂ ತಾಳೆಯಾಗದ ಐಟಂಗಳು, ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಪ್ರಯೋಗಕ್ಕೆ ಮೊದಲು ಮತ್ತು ಕೊನೆಯ ತಿಂಗಳು:

ಗೋದಾಮು ಎ: 6.4 ಇದ್ದದ್ದು 2.1
ಗೋದಾಮು ಬಿ: 5.9 ಇದ್ದದ್ದು 2.3
ಗೋದಾಮು ಸಿ, ಕೋಲ್ಡ್ ಸ್ಟೋರೇಜ್: 6.1 ಇದ್ದದ್ದು 5.8

ಸರಾಸರಿ 6.1ರಿಂದ 3.4ಕ್ಕೆ ಬಂತು. ಅದನ್ನೇ ಶೇ 45 ಇಳಿಕೆ ಎಂದು ಬರೆದೆ.

ಲೆಕ್ಕದ_ಮನೆ

ಈ ಸರಾಸರಿ ಮೊದಲ ಪುಟಕ್ಕೆ ಬರಲೇಬಾರದು. 3.4 ಅನ್ನುವ ಫಲಿತಾಂಶ ನಿಮ್ಮ ಯಾವ ಗೋದಾಮಿನಲ್ಲೂ ಬಂದಿಲ್ಲ ನೋಡಿ. ಎರಡು ಕಡೆ ಚೆನ್ನಾಗಿ ಇಳಿದಿದೆ, ಒಂದು ಕಡೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಮೂರನ್ನೂ ಕಲಸಿದ್ದಕ್ಕೆ ಎರಡು ಕಡೆಯ ಗೆಲುವೂ ಕಾಣುವುದಿಲ್ಲ, ಒಂದು ಕಡೆಯ ಸೋಲೂ ಕಾಣುವುದಿಲ್ಲ.

"ಶೇ 45 ಇಳಿಕೆ" ಅನ್ನುವ ಮಾತೇ ಗೊಂದಲ. ವ್ಯತ್ಯಾಸವೇ ಶೇಕಡಾದಲ್ಲಿದೆ, ಅದರ ಇಳಿಕೆಯೂ ಶೇಕಡಾದಲ್ಲಿ. ಬೇಗ ಓದುವವರು ಏನು ಬೇಕಾದರೂ ಅಂದುಕೊಳ್ಳಬಹುದು. "ನೂರು ಐಟಂಗೆ ಆರು ತಾಳೆಯಾಗುತ್ತಿರಲಿಲ್ಲ, ಈಗ ಎರಡು" ಅಂತ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ.

ನೇರಮಾತು

ಸರಾಸರಿ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಮೊದಲ ಸಾಲಿನಲ್ಲೇ "ಕೊಡಿ" ಅಂತ ಕೇಳುವುದು ಒರಟು ಅಲ್ವಾ? ಹಿನ್ನೆಲೆ ಕೊಟ್ಟು, ಓದುವವರನ್ನು ನಿಧಾನವಾಗಿ ಕರೆದುಕೊಂಡು ಹೋಗಿ, ಆಮೇಲೆ ಕೇಳುವುದು ನಮ್ಮ ರೀತಿ.

ಲೆಕ್ಕದ_ಮನೆ

ಎದುರು ಕೂತು ಮಾತಾಡುವಾಗ ಸರಿ ಸಾರ್. ಕಾಗದದಲ್ಲಿ ಹಾಗೆ ಮಾಡಿದರೆ ಏನು ಕೇಳುತ್ತಾರೋ ಅನ್ನುವ ಅನುಮಾನದಲ್ಲೇ ಹಿನ್ನೆಲೆ ಓದುತ್ತೇವೆ. ಕೋರಿಕೆ ಮೊದಲೇ ಗೊತ್ತಿದ್ದರೆ ಕೆಳಗಿನ ಪ್ರತಿ ಸಾಲನ್ನೂ ಅದಕ್ಕೆ ಕಾರಣವೋ ಅಲ್ಲವೋ ಎಂದು ತೂಗಿ ನೋಡಬಹುದು.

ಕರಡು_ತಿದ್ದುವವಳು

ನೇರಮಾತು ಅವರು ಹೇಳುವುದರಲ್ಲೂ ಒಂದು ಅಂಶ ಇದೆ. ಸಮಿತಿಗೆ ಈ ಪ್ರಯೋಗದ ನೆನಪೇ ಇಲ್ಲದಿದ್ದರೆ ಕೋರಿಕೆ ಆಕಾಶದಿಂದ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಒಂದು ಸಾಲು ಹಿನ್ನೆಲೆ ಸಾಕು: "ನೀವು ಒಪ್ಪಿದ ಆರು ತಿಂಗಳ ಪ್ರಯೋಗ ಮುಗಿದಿದೆ." ಇದು ಅವರ ಹಿಂದಿನ ತೀರ್ಮಾನವನ್ನೇ ನೆನಪಿಸುತ್ತದೆ. ಇದಾದ ತಕ್ಷಣ ಕೋರಿಕೆ.

ಶಿಫ್ಟ್_ಬಿ

ವಿಷಯ ಸ್ವಲ್ಪ ಬೇರೆ, ಆದರೆ ಕೇಳಲೇಬೇಕು. ಕೋಲ್ಡ್ ಸ್ಟೋರೇಜ್‌ನಲ್ಲಿ ಯಾಕೆ ಆಗಲಿಲ್ಲ? ಲೇಬಲ್ ಉದುರಿತಾ?

ಸ್ಟಾಕ್‌ಬುಕ್

ಹೌದು. ಅಲ್ಲಿ ಮೈನಸ್ 18 ಡಿಗ್ರಿ. ಒಳಗೇ ನಿಂತು ಲೇಬಲ್ ಅಂಟಿಸಿದರೆ ಕೆಲವೇ ದಿನದಲ್ಲಿ ಅಂಚು ಎದ್ದು ಬೀಳುತ್ತಿತ್ತು. ಒಳಗಿನಿಂದ ಲೋಡಿಂಗ್ ಜಾಗಕ್ಕೆ ಬಂದರೆ ಸ್ಕ್ಯಾನರ್ ಗಾಜಿನ ಮೇಲೆ ಮಂಜು ಕಟ್ಟಿ ಓದುತ್ತಿರಲಿಲ್ಲ. ಹುಡುಗರು ಮತ್ತೆ ಕಾಗದಕ್ಕೇ ಹೋದರು.

ಶಿಫ್ಟ್_ಬಿ

ಅಂದುಕೊಂಡೆ. ಸಾಮಾನ್ಯ ಲೇಬಲ್‌ನ ಅಂಟು ಆ ಚಳಿಯಲ್ಲಿ ಗಟ್ಟಿಯಾಗುತ್ತದೆ, ಹಿಡಿಯುವುದೇ ಇಲ್ಲ. ಪೆಟ್ಟಿಗೆ ಮೇಲೆ ಹಿಮ ಇದ್ದರಂತೂ ಮುಗಿಯಿತು. ಫ್ರೀಜರ್‌ಗೆ ಅಂತಲೇ ಬೇರೆ ಅಂಟಿನ ಲೇಬಲ್ ಬರುತ್ತದೆ. ಇಲ್ಲವೇ ಪೆಟ್ಟಿಗೆ ಒಳಗೆ ಹೋಗುವ ಮುಂಚೆ, ಒಣಗಿರುವಾಗಲೇ ಅಂಟಿಸಬೇಕು. ಮಂಜು ಕಟ್ಟುವುದಕ್ಕೆ ಗಾಜು ಬಿಸಿ ಮಾಡುವ ಸ್ಕ್ಯಾನರ್ ಸಿಗುತ್ತದೆ. ಅಂದರೆ ಬಾರ್‌ಕೋಡ್ ಅಲ್ಲಿ ನಡೆಯುವುದಿಲ್ಲ ಅಂತಲ್ಲ. ನೀವು ತಂದ ಸಾಮಾನು ಅಲ್ಲಿಗೆ ತಕ್ಕದ್ದಲ್ಲ, ಅಷ್ಟೇ.

ಕರಡು_ತಿದ್ದುವವಳು

ಬೇರೆ ವಿಷಯ ಅಂದಿರಿ, ಆದರೆ ಇದು ಮೊದಲ ಪುಟಕ್ಕೆ ಬೇಕಾದ ವ್ಯತ್ಯಾಸ. "ಕೋಲ್ಡ್ ಸ್ಟೋರೇಜ್‌ನಲ್ಲಿ ವಿಫಲ" ಎಂದು ಬರೆದರೆ ಸಮಿತಿ ಅದನ್ನು ಮರೆತುಬಿಡುತ್ತದೆ. "ಸಾಮಾನ್ಯ ಲೇಬಲ್ ಮೈನಸ್ 18ರಲ್ಲಿ ನಿಲ್ಲಲಿಲ್ಲ, ಫ್ರೀಜರ್ ಲೇಬಲ್ ಇನ್ನೂ ಪರೀಕ್ಷಿಸಿಲ್ಲ" ಎಂದರೆ ಮುಂದಿನ ಹೆಜ್ಜೆ ಏನೆಂದು ತಾನಾಗಿ ಕಾಣುತ್ತದೆ.

ಸ್ಟಾಕ್‌ಬುಕ್

ಇಲ್ಲೇ ಸಮಸ್ಯೆ ಬಂದಿರುವುದು. ಈ ಚರ್ಚೆ ನೋಡಿ ಹೊಸ ಕರಡು ಮಾಡಿ ಮ್ಯಾನೇಜರ್‌ಗೆ ತೋರಿಸಿದೆ. ಕೋಲ್ಡ್ ಸ್ಟೋರೇಜ್ ವಿಷಯ ಮೊದಲ ಪುಟದಲ್ಲಿ ಬೇಡ ಅಂದರು. "ಅಧ್ಯಾಯ 5ರಲ್ಲಿ ಪೂರ್ತಿ ಇದೆಯಲ್ಲ, ನಾವೇನೂ ಮುಚ್ಚಿಡುತ್ತಿಲ್ಲ. ಮೊದಲ ಪುಟದಲ್ಲೇ ಸೋಲು ಕಂಡರೆ ಇಡೀ ಯೋಜನೆ ಬಿದ್ದುಹೋಗುತ್ತದೆ" ಅಂತ ಅವರ ಮಾತು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ಪುಟ ಮಾತ್ರ ಓದುವವರಿಗೆ ಅಧ್ಯಾಯ 5 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಳೇ_ಕಡತ

ಇದೇ ಮಾತಿಗೆ ಒಂದು ದಾಖಲಾದ ಉದಾಹರಣೆ ಇದೆ. 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತ. ಉಡಾವಣೆಯ ಸಮಯದಲ್ಲಿ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರ್‌ಗಳು ಅಪಾಯ ಎಷ್ಟು ಎಂದು ಲೆಕ್ಕ ಹಾಕಿ ನಾಸಾ ವ್ಯವಸ್ಥಾಪಕರ ಮುಂದೆ ಸ್ಲೈಡ್‌ಗಳನ್ನು ಇಟ್ಟರು. ಒಂದು ಸ್ಲೈಡ್‌ನ ಶೀರ್ಷಿಕೆ ಧೈರ್ಯ ಕೊಡುವಂತಿತ್ತು. ಪರೀಕ್ಷೆಗಳ ಮಾಹಿತಿ ನೋಡಿದರೆ ಲೆಕ್ಕ ಸುರಕ್ಷಿತ ಕಡೆಗೇ ಇದೆ ಅನ್ನುವ ಅರ್ಥ ಬರುತ್ತಿತ್ತು. ಅದೇ ಸ್ಲೈಡ್‌ನ ತಳದಲ್ಲಿ, ಚಿಕ್ಕ ಸಾಲಿನಲ್ಲಿ, ಈ ಸಲದ ಪರಿಸ್ಥಿತಿ ಪರೀಕ್ಷೆಯ ವ್ಯಾಪ್ತಿಯಿಂದ ತುಂಬಾ ಹೊರಗಿದೆ ಎಂದಿತ್ತು. ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು 1,920 ಘನ ಇಂಚು. ಅಂದರೆ 640 ಪಟ್ಟು.

ಯಾರೂ ಸುಳ್ಳು ಹೇಳಿರಲಿಲ್ಲ. ಅಂಕಿ ಅದೇ ಪುಟದಲ್ಲಿತ್ತು. ಆದರೆ ಮೇಲೆ ಒಂದು ಅರ್ಥ, ಕೆಳಗೆ ಅದಕ್ಕೆ ವಿರುದ್ಧ ಅರ್ಥ. ಫೆಬ್ರವರಿ 1ರಂದು ಮರಳುವಾಗ ನೌಕೆ ಚೂರಾಯಿತು, ಏಳು ಮಂದಿ ಸತ್ತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡ್ ಬಗ್ಗೆ ಪ್ರತ್ಯೇಕವಾಗಿ ಬರೆಯಿತು. ದುರಂತಕ್ಕೆ ಸ್ಲೈಡೇ ಕಾರಣ ಅಂತ ನಾನು ಹೇಳುತ್ತಿಲ್ಲ, ಕಾರಣ ಬಹಳ ಇವೆ. ಆದರೆ "ಒಳಗೆ ಇದೆಯಲ್ಲ" ಅನ್ನುವುದು ಸಾಕಾಗುವುದಿಲ್ಲ ಎಂದು ನನಗೆ ಮನವರಿಕೆಯಾದದ್ದು ಇದರಿಂದ.

ನೇರಮಾತು

ಗೋದಾಮಿನ ಲೇಬಲ್‌ಗೆ ಬಾಹ್ಯಾಕಾಶ ನೌಕೆ ತಂದರೆ ಹೇಗೆ ಸಾರ್. ಇಲ್ಲಿ ಯಾರ ಜೀವವೂ ಹೋಗುವುದಿಲ್ಲ.

ಹಳೇ_ಕಡತ

ಪರಿಣಾಮ ಬೇರೆ, ಒಪ್ಪಿದೆ. ಓದುವ ರೀತಿ ಒಂದೇ ಅಂತ ನನ್ನ ವಾದ.

ಕರಡು_ತಿದ್ದುವವಳು

ಹಾಗಂತ ಎಲ್ಲ ಮಿತಿಗಳನ್ನೂ ಮೊದಲ ಪುಟಕ್ಕೆ ತರಲಾಗುವುದಿಲ್ಲ. ತಂದರೆ ಆ ಪುಟ ಬರೀ "ಆದರೆ"ಗಳಿಂದ ತುಂಬಿಹೋಗುತ್ತದೆ. ನಾನು ಪ್ರತಿ ಮಿತಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಗೊತ್ತಾದರೆ ಸಮಿತಿಯ ತೀರ್ಮಾನ ಬದಲಾಗಬಹುದಾ? ಬದಲಾಗಬಹುದು ಅಂದರೆ ಮೊದಲ ಪುಟ. ಇಲ್ಲ ಅಂದರೆ ಒಳಗೆ.

ನಿಮ್ಮ ಪ್ರಯೋಗದಲ್ಲಿ ಎಣಿಕೆಯ ದಿನ ಇಬ್ಬರು ರಜೆ ಇದ್ದರು ಅಂತ ಇಟ್ಟುಕೊಳ್ಳಿ. ಅದು ಒಳಗೆ ಇರಲಿ. ಕೋಲ್ಡ್ ಸ್ಟೋರೇಜ್ ವಿಷಯ ಹಾಗಲ್ಲ. ಅದು ಗೊತ್ತಿಲ್ಲದೆ ಸಮಿತಿಯಲ್ಲಿ ಒಬ್ಬರು "ಏಳೇಕೆ, ಒಂಬತ್ತಕ್ಕೂ ಒಟ್ಟಿಗೇ ಕೊಡೋಣ" ಎಂದರೆ ಏನು ಮಾಡುತ್ತೀರಿ? ಸಭೆಯಲ್ಲಿ ನೀವು ಇರುವುದಿಲ್ಲ. ಕೆಲಸ ಮಾಡದ ಸ್ಕ್ಯಾನರ್ ಆ ಎರಡು ಕಡೆ ಬಂದು ಕೂರುತ್ತದೆ. ಆಗ ಬಯ್ಯಿಸಿಕೊಳ್ಳುವವರು ನಿಮ್ಮ ಮ್ಯಾನೇಜರ್.

ಅವರಿಗೆ ಹೀಗೆ ಹೇಳಿ ನೋಡಿ: ನಾವು ಕೇಳುತ್ತಿರುವುದೇ 7ಕ್ಕೆ. 9 ಯಾಕಲ್ಲ ಎಂದು ಹೇಳದಿದ್ದರೆ ಕೋರಿಕೆಯೇ ಅರ್ಧ. ಸೋಲನ್ನು ಪ್ರತ್ಯೇಕ ಪ್ಯಾರಾ ಮಾಡಬೇಡಿ. ಕೋರಿಕೆಗೆ ಕಾರಣವಾಗಿ ಬರೆಯಿರಿ.

ಲೆಕ್ಕದ_ಮನೆ

ಇದಕ್ಕೆ ನನ್ನ ಕಡೆಯಿಂದ ಪೂರ್ತಿ ಒಪ್ಪಿಗೆ. ಎಲ್ಲ ಕಡೆಯೂ ಚೆನ್ನಾಗಿದೆ ಅನ್ನುವ ಮೊದಲ ಪುಟ ಬಂದರೆ ನಾನು ಅನುಮಾನದಿಂದ ಒಳಗೆ ಹುಡುಕುತ್ತೇನೆ. ಎಲ್ಲಿ ಆಗಲಿಲ್ಲ ಎಂದು ಅವರೇ ಹೇಳಿದರೆ ಉಳಿದ ಅಂಕಿಗಳನ್ನು ನಂಬುವುದು ಸುಲಭ.

ಮೊಬೈಲ್_ಓದುಗ

ಎಲ್ಲರೂ "ಮೊದಲ ಪುಟ" ಅನ್ನುತ್ತಿದ್ದೀರಿ. ನಿಮ್ಮ ಪಿಡಿಎಫ್‌ನಲ್ಲಿ ಸಮರಿ ನಿಜವಾಗಿ ಎಷ್ಟನೇ ಪುಟ?

ಸ್ಟಾಕ್‌ಬುಕ್

ನೋಡಿದೆ. ಕವರ್, ಸಹಿಗಳ ಪುಟ, ಕೃತಜ್ಞತೆ, ಪರಿವಿಡಿ ಮೂರು ಪುಟ, ಕೋಷ್ಟಕಗಳ ಪಟ್ಟಿ, ಸಂಕ್ಷಿಪ್ತ ಪದಗಳ ಪಟ್ಟಿ. ಸಮರಿ 9ನೇ ಪುಟ.

ಮೊಬೈಲ್_ಓದುಗ

ಇದನ್ನೇ ಕೇಳಿದ್ದು. ಮೊದಲ ಪುಟ ಮಾತ್ರ ನೋಡುವವರು ನೋಡುವುದು ನಿಮ್ಮ ಕವರ್. ಫೋನಿನಲ್ಲಿ ತೆರೆದವರು ಎರಡು ಸಲ ಬೆರಳಾಡಿಸಿ ಬಿಡುತ್ತಾರೆ. ಕವರ್ ಆದ ತಕ್ಷಣ ಸಮರಿ ಬರಲಿ. ಕೃತಜ್ಞತೆ ಕೊನೆಗೆ ಹೋಗಲಿ, ಪರಿವಿಡಿ ಸಮರಿಯ ನಂತರ. ನಮ್ಮಲ್ಲಿ ಮೇಲ್‌ನಲ್ಲೇ ಸಮರಿಯ ಮೊದಲ ಪ್ಯಾರಾ ಬರೆದು ವರದಿ ಲಗತ್ತಿಸುತ್ತೇವೆ. ಲಗತ್ತು ತೆರೆಯದವರಿಗೂ ಕೋರಿಕೆ ತಲುಪುತ್ತದೆ.

ಇನ್ನೊಂದು. ಜಾಗ ಸಾಲದು ಅಂತ ಅಕ್ಷರ ಚಿಕ್ಕದು ಮಾಡಿ, ಅಂಚು ಕುಗ್ಗಿಸಿ ಒಂದು ಪುಟಕ್ಕೆ ತುರುಕಬೇಡಿ. ಅದನ್ನು ಕಂಡ ಕೂಡಲೇ ಕಣ್ಣು ಬೇರೆ ಕಡೆ ಹೋಗುತ್ತದೆ. ಹಿಡಿಸದಿದ್ದರೆ ವಾಕ್ಯ ತೆಗೆಯಿರಿ.

ಹಳೇ_ಕಡತ

ಆ ಪುಟ ವರದಿಯಿಂದ ಬೇರ್ಪಟ್ಟು ಓಡಾಡುತ್ತದೆ ಅನ್ನುವುದನ್ನೂ ಗಮನದಲ್ಲಿಡಿ. ಯಾರೋ ಅದೊಂದನ್ನೇ ಫೋಟೋ ತೆಗೆದು ಕಳಿಸುತ್ತಾರೆ. ಅದಕ್ಕೆ ಯೋಜನೆಯ ಹೆಸರು, ತಾರೀಕು, ಎಷ್ಟನೇ ಆವೃತ್ತಿ, ಯಾರನ್ನು ಕೇಳಬೇಕು, ಇಷ್ಟೂ ಅದೇ ಪುಟದ ತಳದಲ್ಲಿರಲಿ. "ಮೇಲೆ ಹೇಳಿದಂತೆ", "ಚಿತ್ರ 4 ನೋಡಿ" ಅನ್ನುವ ಮಾತು ಬರಬಾರದು.

ನೇರಮಾತು

ಹಾಗಾದರೆ ಪುಟ ಸಂಖ್ಯೆಯೂ ಬೇಡ ಅಂದಂತಾಯಿತು. ಸಮರಿ ತನ್ನ ಕಾಲ ಮೇಲೆ ನಿಲ್ಲಬೇಕು ಅಲ್ವಾ?

ಕರಡು_ತಿದ್ದುವವಳು

ನಾನು ಪುಟ ಸಂಖ್ಯೆ ಹಾಕುವ ಪಕ್ಷ. "ಪುಟ 61 ನೋಡಿ" ಎಂದು ಓದುಗರನ್ನು ಅಟ್ಟುವುದು ತಪ್ಪು, ಏಕೆಂದರೆ ವಿಷಯ ಅಲ್ಲಿದೆ, ಇಲ್ಲಿಲ್ಲ. ಆದರೆ ವಿಷಯ ಪೂರ್ತಿ ಹೇಳಿ, ಪಕ್ಕದಲ್ಲಿ ಸಣ್ಣದಾಗಿ 61 ಎಂದು ಬರೆದರೆ ಅದು ಆಧಾರ. ಹವಾಮಾನದ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ತರುವ ನೀತಿ ರೂಪಿಸುವವರ ಸಾರಾಂಶ ನೋಡಿ. ಮೂಲ ವರದಿ ಸಾವಿರಾರು ಪುಟ. ಸಾರಾಂಶದಲ್ಲಿ ಒಂದೊಂದು ಮಾತಿನ ಕೊನೆಗೂ ಅದು ಮೂಲದ ಯಾವ ಭಾಗದಿಂದ ಬಂತು ಎಂದು ಆವರಣದಲ್ಲಿ ಕೊಟ್ಟಿರುತ್ತಾರೆ. ಓದುಗರು ಹೋಗದಿರಬಹುದು, ಆದರೆ ಬೇಕೆಂದವರಿಗೆ ದಾರಿ ಇದೆ.

ಬರೆಯುವವರಿಗೂ ಇದರಿಂದ ಲಾಭ. ಸಮರಿ ಬರೆದಾದ ಮೇಲೆ ಒಳಗಿನ ಕೋಷ್ಟಕ ಬದಲಾಗುವುದು ಮಾಮೂಲು. ಒಳಗೆ 2.3 ಆಗಿರುತ್ತದೆ, ಮೊದಲ ಪುಟದಲ್ಲಿ ಹಳೆಯ 2.6 ಹಾಗೇ ಉಳಿದಿರುತ್ತದೆ. ಕಳಿಸುವ ಮುಂಚೆ ಮೊದಲ ಪುಟದ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಆ ಪುಟ ತೆಗೆದು ತಾಳೆ ನೋಡಿ. ಪುಟ ಸಂಖ್ಯೆ ಇದ್ದರೆ ಇದು ಬೇಗ ಮುಗಿಯುತ್ತದೆ. ಒಳಗೆ ಎಲ್ಲೂ ಇಲ್ಲದ ಅಂಕಿ ಮೊದಲ ಪುಟದಲ್ಲಿ ಇದ್ದರೆ ಅದೂ ಆಗಲೇ ಸಿಕ್ಕಿಬೀಳುತ್ತದೆ.

ಲೆಕ್ಕದ_ಮನೆ

ನನಗೆ ಪುಟ ಸಂಖ್ಯೆ ಕಿರಿಕಿರಿ. ವಾಕ್ಯದ ಮಧ್ಯೆ ಕಣ್ಣಿಗೆ ಅಡ್ಡ ಬರುತ್ತದೆ. ತಾಳೆ ನೋಡುವುದು ಬರೆಯುವವರ ಕೆಲಸ, ಅವರ ಪ್ರತಿಯಲ್ಲಿ ಇಟ್ಟುಕೊಳ್ಳಲಿ.

ಕರಡು_ತಿದ್ದುವವಳು

ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಬಿಡಿ.

ಸ್ಟಾಕ್‌ಬುಕ್

ಮ್ಯಾನೇಜರ್ ಜೊತೆ ಮತ್ತೆ ಕೂತೆ. "ಸಭೆಯಲ್ಲಿ 9ಕ್ಕೂ ಕೊಡೋಣ ಅಂದರೆ ಯಾರು ತಡೆಯುತ್ತಾರೆ" ಅನ್ನುವ ಮಾತು ಕೆಲಸ ಮಾಡಿತು. ಆ ವಿಷಯ ಇರಲಿ, ಆದರೆ "ವಿಫಲ" ಅನ್ನುವ ಪದ ಬೇಡ ಅಂದರು. ಈಗಿನ ಪುಟ ಹೀಗಿದೆ. ಹಣದ ಅಂಕಿಯನ್ನು ಇಲ್ಲಿ ಹಾಕುತ್ತಿಲ್ಲ, ಅದು ಎರಡನೇ ಪ್ಯಾರಾದಲ್ಲಿದೆ.

> ಸಮಿತಿ ಒಪ್ಪಿದ ಆರು ತಿಂಗಳ ಬಾರ್‌ಕೋಡ್ ಎಣಿಕೆ ಪ್ರಯೋಗ ಮುಗಿದಿದೆ. ಇದನ್ನು ಉಳಿದ 7 ಸಾಮಾನ್ಯ ಗೋದಾಮುಗಳಿಗೆ ವಿಸ್ತರಿಸಲು ಒಪ್ಪಿಗೆ ಕೋರುತ್ತೇವೆ. ಉಳಿದ 2 ಕೋಲ್ಡ್ ಸ್ಟೋರೇಜ್‌ಗಳನ್ನು ಈಗ ಸೇರಿಸಬಾರದು.
>
> ಗೋದಾಮಿಗೆ 4ರಂತೆ 28 ಸ್ಕ್ಯಾನರ್ ಬೇಕು. ಕೊಟೇಶನ್ ಈ ತಿಂಗಳ ಕೊನೆಯವರೆಗೆ ಮಾತ್ರ ಜಾರಿಯಲ್ಲಿರುತ್ತದೆ. ಆಮೇಲೆ ಹೊಸದಾಗಿ ದರ ಕೇಳಬೇಕಾಗುತ್ತದೆ. ಅಲ್ಲಿಯವರೆಗೆ ಈ 7 ಕಡೆ ಕಾಗದದ ಎಣಿಕೆ ಮುಂದುವರಿಯುತ್ತದೆ.
>
> ಎರಡು ಸಾಮಾನ್ಯ ಗೋದಾಮುಗಳಲ್ಲಿ ಪ್ರಯೋಗ ಮಾಡಿದೆವು. ಮೊದಲು ನೂರು ಐಟಂಗಳಲ್ಲಿ ಸುಮಾರು 6 ಪುಸ್ತಕದ ಲೆಕ್ಕಕ್ಕೆ ತಾಳೆಯಾಗುತ್ತಿರಲಿಲ್ಲ. ಈಗ ಆ ಸಂಖ್ಯೆ 2ಕ್ಕೆ ಇಳಿದಿದೆ. ತಿಂಗಳ ಕೊನೆಯ ಎಣಿಕೆಗೆ ಎರಡು ದಿನ ಮಾಲು ಕಳಿಸುವುದನ್ನು ನಿಲ್ಲಿಸಬೇಕಿತ್ತು. ಈಗ ಅರ್ಧ ದಿನ ಸಾಕು.
>
> ಒಂದು ಕೋಲ್ಡ್ ಸ್ಟೋರೇಜ್‌ನಲ್ಲೂ ಪ್ರಯೋಗ ಮಾಡಿದೆವು. ಅಲ್ಲಿ ವ್ಯತ್ಯಾಸ ಹೆಚ್ಚೇನೂ ಇಳಿಯಲಿಲ್ಲ: ನೂರಕ್ಕೆ 6.1 ಇದ್ದದ್ದು 5.8. ಮೈನಸ್ 18 ಡಿಗ್ರಿಯಲ್ಲಿ ಸಾಮಾನ್ಯ ಲೇಬಲ್ ಅಂಟಿಕೊಳ್ಳಲಿಲ್ಲ, ಸ್ಕ್ಯಾನರ್ ಗಾಜಿಗೆ ಮಂಜು ಕಟ್ಟಿತು. ಫ್ರೀಜರ್ ಲೇಬಲ್ ಮತ್ತು ಬಿಸಿ ಗಾಜಿನ ಸ್ಕ್ಯಾನರ್ ಅನ್ನು ಇದೇ ಜಾಗದಲ್ಲಿ ಎರಡು ತಿಂಗಳು ಪರೀಕ್ಷಿಸಿ ಪ್ರತ್ಯೇಕ ಪ್ರಸ್ತಾವ ತರುತ್ತೇವೆ.

ಕೆಳಗೆ ತಾರೀಕು, ಆವೃತ್ತಿ, ಸಂಪರ್ಕ. ಪುಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಉಳಿದ ಜಾಗ ಖಾಲಿ ಬಿಡಲಾ?

ಮೊಬೈಲ್_ಓದುಗ

ಖಾಲಿ ಬಿಡಿ. ಅಲ್ಲಿ ಪೆನ್ನಿನಲ್ಲಿ ಟಿಪ್ಪಣಿ ಬರೆಯುತ್ತಾರೆ.

ಪಿಎಚ್‌ಡಿ_ದಾರಿ

ಒಂದು ಅನುಮಾನ. ಆ ಆರು ತಿಂಗಳಲ್ಲಿ ನಿಮ್ಮ ಮಾಲು ಅತಿ ಹೆಚ್ಚು ಓಡಾಡುವ ಸೀಸನ್ ಬಂದಿತ್ತಾ? ಬಂದಿಲ್ಲದಿದ್ದರೆ ಆ 2 ಅನ್ನುವ ಅಂಕಿ ಸೀಸನ್‌ನಲ್ಲಿ ನಿಲ್ಲುತ್ತದೆ ಅಂತ ಹೇಗೆ ಹೇಳುತ್ತೀರಿ? ವಿಧಾನ ಬೇಕು ಅಂತ ನಾನು ಮೊದಲು ಕೇಳಿದ್ದು ಇದಕ್ಕೇ.

ಸ್ಟಾಕ್‌ಬುಕ್

ಬಂದಿಲ್ಲ. ಒಳಗೆ ಅಧ್ಯಾಯ 7ರಲ್ಲಿ ಬರೆದಿದ್ದೇನೆ.

ಕರಡು_ತಿದ್ದುವವಳು

ಒಳ್ಳೆಯ ಪ್ರಶ್ನೆ. ಅದೇ ಪರೀಕ್ಷೆ ಹಾಕಿ: ಇದು ಗೊತ್ತಾದರೆ ತೀರ್ಮಾನ ಬದಲಾಗಬಹುದಾ? ನನಗೆ ಬದಲಾಗಬಹುದು ಅನಿಸುತ್ತದೆ. ಕೆಲವರು "ಸೀಸನ್ ನೋಡಿ ಆಮೇಲೆ ವಿಸ್ತರಿಸೋಣ" ಅನ್ನಬಹುದು. ಮೂರನೇ ಪ್ಯಾರಾ ಕೊನೆಗೆ ಒಂದು ಸಾಲು: "ಪ್ರಯೋಗದ ಅವಧಿಯಲ್ಲಿ ಅತಿ ಹೆಚ್ಚು ವಹಿವಾಟಿನ ತಿಂಗಳುಗಳು ಇರಲಿಲ್ಲ."

ಲೆಕ್ಕದ_ಮನೆ

ನಾನು ಬೇಡ ಅನ್ನುತ್ತೇನೆ. ಸೀಸನ್‌ನಲ್ಲಿ ಕಾಗದದ ಎಣಿಕೆಯೂ ಕೆಡುತ್ತದೆ. ಸ್ಕ್ಯಾನರ್ ಅದಕ್ಕಿಂತ ಕೆಟ್ಟದಾಗುವುದಕ್ಕೆ ಕಾರಣ ಇದೆಯಾ? ಇಲ್ಲದಿದ್ದರೆ ತೀರ್ಮಾನ ಬದಲಾಗುವುದಿಲ್ಲ.

ಶಿಫ್ಟ್_ಬಿ

ಕಾರಣ ಇದೆ ಸಾರ್. ಸೀಸನ್‌ನಲ್ಲಿ ಹೊಸ ಹುಡುಗರು ಬರುತ್ತಾರೆ. ಒಂದು ಸ್ಕ್ಯಾನರ್ ಮೂವರ ಕೈ ಬದಲಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ಗೋದಾಮಿಗೆ 4 ಸಾಕಾಗುತ್ತದಾ ಅನ್ನುವುದೇ ಆಗ ಗೊತ್ತಾಗುವುದು.

ಲೆಕ್ಕದ_ಮನೆ

ಹಾಗಿದ್ದರೆ ಅದು 28 ಅನ್ನುವ ಸಂಖ್ಯೆಗೇ ತಾಗುತ್ತದೆ. ಹಣದ ಲೆಕ್ಕ ಬದಲಾಗುವುದಾದರೆ ಸಾಲು ಇರಲಿ. ಆದರೆ ಎರಡನೇ ಪ್ಯಾರಾದಲ್ಲಿ, 28ರ ಪಕ್ಕದಲ್ಲಿ.

ಸ್ಟಾಕ್‌ಬುಕ್

ಎಲ್ಲರಿಗೂ ಧನ್ಯವಾದ. ಸೀಸನ್ ಸಾಲನ್ನು 28ರ ಪಕ್ಕಕ್ಕೆ ಹಾಕಿ, ಹೆಚ್ಚುವರಿ ಬ್ಯಾಟರಿ ಬೇಕಾಗುತ್ತದಾ ಎಂದು ಗೋದಾಮು ಎ ಮತ್ತು ಬಿ ಸೂಪರ್‌ವೈಸರ್‌ಗಳನ್ನು ಕೇಳುತ್ತೇನೆ. ಪುಟವನ್ನು ಬೇರೆ ವಿಭಾಗದ ಒಬ್ಬರಿಗೆ ಕೊಟ್ಟು, ಎರಡು ನಿಮಿಷ ಓದಿಸಿ, ಕಾಗದ ವಾಪಸ್ ಪಡೆದು "ನಾವು ಏನು ಕೇಳಿದ್ದೇವೆ?" ಎಂದು ಕೇಳಿದೆ. "ಏಳು ಗೋದಾಮಿಗೆ ಸ್ಕ್ಯಾನರ್, ತಿಂಗಳ ಕೊನೆಯೊಳಗೆ" ಅಂದರು. ಕೋಲ್ಡ್ ಸ್ಟೋರೇಜ್ ಯಾಕೆ ಬೇಡ ಅನ್ನುವುದು ಅವರಿಗೆ "ಚಳಿಗೆ ಏನೋ ತೊಂದರೆ" ಅಂತ ಮಾತ್ರ ನೆನಪಿತ್ತು. ಇಷ್ಟು ಸಾಕಾ, ಇನ್ನೂ ತಿದ್ದಬೇಕಾ?

ಕರಡು_ತಿದ್ದುವವಳು

ಸಾಕು. "ಎರಡು ತಿಂಗಳು ಪರೀಕ್ಷಿಸಿ" ಅನ್ನುವಲ್ಲಿ ಯಾರು ಪರೀಕ್ಷಿಸುತ್ತಾರೆ, ಯಾವ ತಿಂಗಳಿಗೆ ಪ್ರಸ್ತಾವ ಬರುತ್ತದೆ ಎಂದು ಮಾತ್ರ ಸೇರಿಸಿ. ಸಮಿತಿ ಮೊದಲು ಕೇಳುವುದು ಅದನ್ನೇ.

ನೇರಮಾತು

ಪುಟ ಸಂಖ್ಯೆ ಕಡೆಗೂ ಹಾಕುತ್ತೀರಾ?

ಸ್ಟಾಕ್‌ಬುಕ್

ಸಮಿತಿಗೆ ಹೋಗುವ ಪ್ರತಿಯಲ್ಲಿ ಇಲ್ಲ, ನನ್ನ ಪ್ರತಿಯಲ್ಲಿ ಇದೆ. ಮೇಡಂ ಬೇಜಾರು ಮಾಡಿಕೊಳ್ಳಬೇಡಿ.